ಪ್ರಿಂಟರಿನ ಅಡಿಗೆ ಇಟ್ಟ ಫೋಟೋ

ಆ ದಿನವೂ ನಮ್ಮವರು ಪ್ರಿಂಟರಿಗೆ ಅಂಗೈಯಿಂದ ಬಾರಿಸಿದ್ದರು. ಅದರಲ್ಲಿ ವಿಶೇಷವೇನಿರಲಿಲ್ಲ. ಕಾಗದ ಸಿಕ್ಕಿಕೊಂಡರೆ ಬಾರಿಸುವುದು, ಬಣ್ಣ ಬಿಟ್ಟುಹೋದರೆ ಬಾರಿಸುವುದು, ಆಮೇಲೆ ಮಗುವಿಗೆ ಹೊಡೆದವರ ಹಾಗೆ ಮೆಲ್ಲಗೆ ಒರೆಸುವುದು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ತರಕಾರಿಯವರ ಗಲ್ಲಿಯಲ್ಲಿ ನಮ್ಮ ಅಂಗಡಿ. ಝೆರಾಕ್ಸ್, ಪ್ರಿಂಟ್, ಪಾಸ್‌ಪೋರ್ಟ್ ಫೋಟೋ, ಹಳೇ ಫೋಟೋ ದೊಡ್ಡದು ಮಾಡಿಕೊಡುವುದು. ಅವರು ಯಂತ್ರದ ಹತ್ತಿರ, ನಾನು ಕೌಂಟರಿನಲ್ಲಿ.

ಅಂದು ಮಧ್ಯಾಹ್ನಕ್ಕೆ ಮುಂಚೆ ಅಜ್ಜಿ ಬಂದರು. ಅವರನ್ನು ಗಲ್ಲಿಯವರೆಲ್ಲ ಅಜ್ಜಿ ಎಂದೇ ಕರೆಯುವುದು. ಮನೆ ಶಹಾಡಿನಲ್ಲಿ. ದಿನಾ ಲೋಕಲ್ ರೈಲು ಹತ್ತಿ ಬಂದು ನಮ್ಮ ಹಿಂದಿನ ಗಲ್ಲಿಯ ಊಟದ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದರು. ನಮ್ಮದೇ ಉಡುಪಿ ಕಡೆಯವರು. ಗಂಡ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದವರು, ಮಗ ಎದೆಹಾಲು ಕುಡಿಯುವಾಗಲೇ ರೈಲಿನಿಂದ ಬಿದ್ದು ತೀರಿಹೋದರು. ಆ ಮಗನಿಗೆ ಈಗ ಮದುವೆ ಗೊತ್ತಾಗಿತ್ತು.

ಅಜ್ಜಿ ಸೆರಗಿನ ಒಳಗಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಕಪ್ಪು ಬಿಳುಪಿನ ಫೋಟೋ, ಸುಟ್ಟ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಕುರ್ಚಿಯ ಪಕ್ಕ ಒಬ್ಬ ತರುಣ ನಿಂತಿದ್ದಾನೆ, ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ.

“ಇದೊಂದೇ ಇರುವುದು ಮಗಾ. ದೊಡ್ಡದು ಮಾಡಿ ಕೊಡು. ಮಂಟಪದಲ್ಲಿ ಕುರ್ಚಿ ಮೇಲೆ ಇಡಬೇಕು. ಧಾರೆಗೆ ಮುಂಚೆ ಅವ ಕಾಲಿಗೆ ಬೀಳಬೇಕಲ್ಲ ಅಪ್ಪನಿಗೆ? ಮುಖವೇ ನೋಡಿದವ ಅಲ್ಲ ಅವ.”

ನಮ್ಮವರು ಫೋಟೋವನ್ನು ಸ್ಕ್ಯಾನರಿನ ಗಾಜಿನ ಮೇಲಿಟ್ಟು ನೋಡಿದರು. ಬೆರಳು ತೆಗೆದ ಕೂಡಲೇ ಅದು ಮತ್ತೆ ಸುತ್ತಿಕೊಳ್ಳುತ್ತಿತ್ತು. ಮುಚ್ಚಳ ಒತ್ತಿ ಹಾಕಿದರೆ ಹಳೇ ಪದರ ಬಿರಿಯುತ್ತದೆ.

“ಇದು ಹೀಗೆ ಆಗುವುದಿಲ್ಲ ಅಜ್ಜಿ. ಒಂದು ರಾತ್ರಿ ಭಾರದ ಕೆಳಗೆ ಇಡಬೇಕು. ನಾಳೆ ಚಪ್ಪಟೆ ಆಗ್ತದೆ, ಆಗ ಸ್ಕ್ಯಾನ್ ಮಾಡುವ.”

“ಇಲ್ಲೇ ಬಿಟ್ಟು ಹೋಗುವುದಾ?”

“ನಿಮ್ಮ ಯಜಮಾನರು ಎಂತ ಓಡಿ ಹೋಗ್ತಾರಾ?”

ಅಜ್ಜಿ ನಕ್ಕರು. “ಓಡುವವರೇ ಮಾರಾಯ. ಒಮ್ಮೆ ಓಡಿದ್ದು ವಾಪಸ್ ಬರಲೇ ಇಲ್ಲ.” ಮೂವರೂ ನಕ್ಕೆವು. ಆ ನಗುವನ್ನು ನಾನು ಇಲ್ಲಿ ಬರೆದಿಡುತ್ತಿದ್ದೇನೆ, ಯಾಕೆಂದರೆ ಆ ಅಂಗಡಿಯಲ್ಲಿ ಆಮೇಲೆ ನಾವು ಮೂವರಲ್ಲಿ ಯಾರೂ ನಗಲಿಲ್ಲ.

ಅಜ್ಜಿ ಹೋದ ಮೇಲೆ ಪ್ರಿಂಟರ್ ನಿಂತಿತು. ಎರಡು ಕೆಂಪು ದೀಪ ಒಂದಾದ ಮೇಲೊಂದು ಮಿಣುಕತೊಡಗಿದವು. ಕಂಪ್ಯೂಟರಿನಲ್ಲಿ ಅದೇ ಹಳೆಯ ಸಂದೇಶ: ಇಂಕ್ ಪ್ಯಾಡ್ ತುಂಬಿದೆ, ಸರ್ವಿಸಿಗೆ ಕೊಡಿ. ಕಾಲೇಜು ಅಡ್ಮಿಷನ್ನಿನ ಸಮಯ, ಕೌಂಟರಿನ ಮುಂದೆ ಹುಡುಗರ ಸಾಲು. ನಮ್ಮವರು ಒಂದು ಏಟು ಬಾರಿಸಿದರು.

ಈ ಪ್ಯಾಡಿನ ಸಂಗತಿ ಅವರೇ ನನಗೆ ಹೇಳಿಕೊಟ್ಟದ್ದು. ಪ್ರಿಂಟರ್ ತನ್ನ ಮೂಗು ಕಟ್ಟದ ಹಾಗೆ ಆಗಾಗ ಇಂಕನ್ನು ಎಳೆದು ಉಗುಳುತ್ತದೆ. ಹೆಡ್ ಕ್ಲೀನಿಂಗ್ ಎನ್ನುವುದು ಅದಕ್ಕೇ. ಅಂಚು ಬಿಡದ ಫೋಟೋ ಹೊಡೆದಾಗಲೂ ಕಾಗದದ ಆಚೆ ಬಿದ್ದ ಇಂಕು ವ್ಯರ್ಥವೇ. ಆ ಕೊಳೆ ಇಂಕನ್ನು ಕುಡಿಯಲು ಯಂತ್ರದ ತಳದಲ್ಲಿ ದಪ್ಪನೆಯ ಬಿಳಿ ಪ್ಯಾಡುಗಳಿರುತ್ತವೆ. ಅವು ಎಷ್ಟು ಕುಡಿದಿವೆ ಎಂದು ಯಂತ್ರ ಮುಟ್ಟಿ ನೋಡುವುದಿಲ್ಲ. ಎಷ್ಟು ಉಗುಳಿದೆ ಎಂಬ ಲೆಕ್ಕವನ್ನು ಮಾತ್ರ ಇಟ್ಟುಕೊಂಡು, ಒಂದು ಮಿತಿ ಬಂದ ಕೂಡಲೇ ನಿಂತುಬಿಡುತ್ತದೆ. ರಿಸೆಟ್ ಮಾಡಿದರೆ ಆ ಲೆಕ್ಕ ಸೊನ್ನೆಯಾಗುತ್ತದೆ. ಪ್ಯಾಡು ಒಣಗುವುದಿಲ್ಲ.

ಕಲ್ಯಾಣದ ರಿಪೇರಿಯವನು ಹಿಂದಿನ ಸಲವೇ ಎಚ್ಚರಿಸಿದ್ದ. ಮೊದಲು ಪ್ಯಾಡ್ ಬದಲಿಸಿ, ಇಲ್ಲದಿದ್ದರೆ ಕೊಳೆ ಇಂಕಿನ ಪೈಪನ್ನು ಹೊರಗೆಳೆದು ಬಾಟಲಿಗೆ ಬಿಡಿ, ಆಮೇಲೆ ರಿಸೆಟ್ ಮಾಡಿ. ಬರೀ ರಿಸೆಟ್ ಮಾಡುತ್ತ ಹೋದರೆ ಇಂಕು ತಳದಿಂದ ಹೊರಗೆ ಬರುತ್ತದೆ, ಕರೆಂಟಿನ ಬೋರ್ಡಿಗೆ ಹೋದರೆ ಯಂತ್ರವೇ ಸುಟ್ಟೀತು ಎಂದಿದ್ದ. ನಮ್ಮವರು ತಲೆ ಆಡಿಸಿ ಬಂದಿದ್ದರು. ಅಂಗಡಿ ಮುಚ್ಚಿ ಯಂತ್ರವನ್ನು ಅಲ್ಲಿ ಬಿಟ್ಟುಬರುವ ದಿನ ಮಾತ್ರ ಬರಲೇ ಇಲ್ಲ.

“ಪುನಃ ರಿಸೆಟ್ಟಾ?” ಎಂದೆ.

“ಎಂತ ಮಾಡುವುದು ಮತ್ತೆ? ಈ ಹುಡುಗರಿಗೆ ನೀನು ಕೈಯಲ್ಲಿ ಬರೆದು ಕೊಡ್ತೀಯಾ?”

“ತಳದಲ್ಲಿ ತುಂಬಿದೆ ಅಂತ ನೀವೇ ಹೇಳಿದ್ದು.”

“ತುಂಬಿದ್ರೂ ಒಂದೆರಡು ತಿಂಗಳು ಓಡ್ತದೆ ಮಾರಾಯ್ತಿ. ನಿನ್ನ ತಲೆಗಿಂತ ಗಟ್ಟಿ ಉಂಟು ಇದು.”

ರಿಸೆಟ್ ಮಾಡುವ ಸಾಫ್ಟ್‌ವೇರನ್ನು ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರು. ಅದನ್ನು ತೆರೆದಾಗಲೆಲ್ಲ ಆ್ಯಂಟಿವೈರಸ್ ಬೊಬ್ಬೆ ಹಾಕುತ್ತಿತ್ತು. ಅವರು ಆ್ಯಂಟಿವೈರಸ್ಸನ್ನೇ ಬಂದ್ ಮಾಡಿ ಗುಂಡಿ ಒತ್ತಿದರು. ದೀಪ ಹಸಿರಾಯಿತು. ಗೆರೆ ಬೀಳುತ್ತಿದೆ ಎಂದು ಮೂರ್ನಾಲ್ಕು ಸಲ ಹೆಡ್ ಕ್ಲೀನಿಂಗ್ ಕೊಟ್ಟರು. ಪ್ರತಿ ಸಲವೂ ಒಳಗೆ ಯಾರೋ ಕ್ಯಾಕರಿಸಿದ ಸದ್ದು.

ಸಂಜೆ ಶಟರ್ ಎಳೆಯುವ ಮುಂಚೆ ಅವರು ಅಜ್ಜಿಯ ಫೋಟೋವನ್ನು ಎರಡು ಬಿಳಿ ಹಾಳೆಯ ನಡುವೆ ಇಟ್ಟು ಕಾಗದದ ಕವರಿಗೆ ಹಾಕಿದರು. ನಮ್ಮಲ್ಲಿ ಹಳೇ ಫೋಟೋ ಚಪ್ಪಟೆ ಮಾಡುವುದು ಯಾವಾಗಲೂ ಹೀಗೆಯೇ. ಭಾರಕ್ಕೆ ಕೈಗೆಟಕುವುದು ಪ್ರಿಂಟರೇ. ಪ್ರಿಂಟರಿನ ಒಂದು ಬದಿಯನ್ನು ಎತ್ತಿ, ಕವರನ್ನು ಅಡಿಗೆ ತಳ್ಳಿ, ಮೆಲ್ಲಗೆ ಇಳಿಸಿದರು. ಕಂಠಮಟ್ಟ ಕುಡಿದ ಪ್ಯಾಡಿನ ಇಂಕು ಆ ಓರೆಗೆ ಹರಿಯಿತು ಎಂದು ಈಗ ನನಗೆ ಗೊತ್ತು. ಆಗ ಇಬ್ಬರಿಗೂ ಮನೆಗೆ ಹೋಗುವ ಆತುರ.

ಮರುದಿನ ಬೆಳಿಗ್ಗೆ ಶಟರ್ ಎತ್ತಿದಾಗ ಕೌಂಟರಿನ ಅಂಚಿನಿಂದ ಕಪ್ಪು ಹನಿ ನೆಲಕ್ಕೆ ಬೀಳುತ್ತಿತ್ತು. ನಮ್ಮವರು ಪ್ರಿಂಟರನ್ನು ಪಕ್ಕಕ್ಕೆ ಎತ್ತಿಟ್ಟರು. ಕವರು ಕೆಸರಿನಲ್ಲಿ ಬಿದ್ದ ಬಟ್ಟೆಯ ಹಾಗೆ ಮೇಜಿಗೆ ಅಂಟಿತ್ತು. ಫೋಟೋ ಹೊರಬಂದಾಗ ಅರ್ಧಕ್ಕೆ ಹೆಚ್ಚು ಕಪ್ಪು. ಅವರು ನಲ್ಲಿಯ ಕೆಳಗೆ ಹಿಡಿದರು. ನೀರಿಗೆ ಇಂಕು ಸ್ವಲ್ಪ ಬಿಟ್ಟಿತು, ಮುಖ ಮಸುಕಾಗಿ ಕಂಡಿತು ಕೂಡ. ಅಷ್ಟಕ್ಕೇ ಬಿಡಬೇಕಿತ್ತು. ಅವರು ಹತ್ತಿ ತೆಗೆದುಕೊಂಡು ಒರೆಸಿದರು. ನೆನೆದು ಉಬ್ಬಿದ ಪದರ, ಹಾಲಿನ ಕೆನೆ ಎದ್ದ ಹಾಗೆ, ಹತ್ತಿಯ ಜೊತೆಗೇ ಎದ್ದು ಬಂತು.

ಅವರು ಹತ್ತಿಯನ್ನು ನೋಡುತ್ತ ನಿಂತರು. “ಹೋಯ್ತು,” ಎಂದರು.

ಅಜ್ಜಿ ಬಂದಾಗ ಅವರು ಸುಳ್ಳು ಹೇಳಲಿಲ್ಲ. ಫೋಟೋವನ್ನು ಕೈಯಲ್ಲಿಟ್ಟು, ತಪ್ಪು ನನ್ನದು ಅಜ್ಜಿ ಎಂದರು. ಅಜ್ಜಿ ಬೈಯಲಿಲ್ಲ, ಅಳಲಿಲ್ಲ. ಮುಖ ಇರಬೇಕಾದ ಜಾಗಕ್ಕೆ ಹೆಬ್ಬೆರಳಿಟ್ಟು ಸವರಿದರು. ಬೆರಳು ಕಪ್ಪಾಯಿತು. ಆಮೇಲೆ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು, ಫಟ್ ಫಟ್ ಎಂದು. ನಾನು ಕೈ ಹಿಡಿಯುವಷ್ಟರಲ್ಲಿ ಮೆಟ್ಟಿಲಿಳಿದು ಹೋದರು. ಫೋಟೋ ಕೌಂಟರಿನ ಮೇಲೇ ಉಳಿಯಿತು.

ಮಧ್ಯಾಹ್ನ ಅಜ್ಜಿಯ ಮಗ ಬಂದ, ಜೊತೆಗೆ ಇಬ್ಬರು ಗೆಳೆಯರು. ಅಂಬರನಾಥದ ಕಾರ್ಖಾನೆಯಲ್ಲಿ ಕೆಲಸ, ಗಟ್ಟಿ ಆಳು. ಕನ್ನಡ ತಿಳಿಯುತ್ತದೆ, ಮಾತು ಹಿಂದಿ.

“ಅಂಕಲ್, ಮೇರೆ ಬಾಪ್ ಕಾ ಫೋಟೋ ದೋ.”

ನಮ್ಮವರು ಅವನ ಅಪ್ಪನ ಫೋಟೋ ಕೊಟ್ಟರು. ಕ್ಷಮೆ ಕೇಳಿದರು. ಅವನು ಅದನ್ನು ಬೆಳಕಿಗೆ ಹಿಡಿದು ಮುಖ ಹುಡುಕಿದ.

“ಚೆಹರಾ ಕಿಧರ್ ಹೈ?”

“ಇಂಕ್ ಸೋರಿತು ಮಗಾ. ಪ್ರಿಂಟರಿನ ಕೆಳಗೆ...”

“ಪ್ರಿಂಟರ್ ಕೆ ನೀಚೆ? ಮೇರೆ ಬಾಪ್ ಕೋ ಪ್ರಿಂಟರ್ ಕೆ ನೀಚೆ ರಖಾ?”

ಅಪ್ಪನನ್ನು ಪ್ರಿಂಟರಿನ ಕೆಳಗಿಟ್ಟರು ಎಂಬ ಆ ಮಾತಿಗೆ ಗೆಳೆಯರಲ್ಲಿ ಒಬ್ಬ ನಕ್ಕುಬಿಟ್ಟ. ಅದು ಗಾಬರಿಯ ನಗು ಎಂದು ಈಗ ಅನಿಸುತ್ತದೆ. ಆ ನಗು ಕೇಳಿ ಮಗನ ಮುಖ ಬದಲಾಯಿತು. ಫೋಟೋವನ್ನು ಕೆಳಗಿಟ್ಟು, ಎರಡೂ ಕೈಯಿಂದ ಪ್ರಿಂಟರನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಅದರ ತಳ ಒಡೆದು ಪ್ಯಾಡುಗಳು ಹೊರಗೆ ಬಿದ್ದವು. ಬಿಳಿಯವೆಂದು ನಮ್ಮವರು ಹೇಳುತ್ತಿದ್ದ ಪ್ಯಾಡುಗಳನ್ನು ನಾನು ನೋಡಿದ್ದು ಅದೇ ಮೊದಲು. ಕೊಯ್ದು ಎಸೆದ ಪಿತ್ತಕೋಶದ ಹಾಗೆ ಕಪ್ಪಗೆ, ತೂಕವಾಗಿ, ಬಿದ್ದಲ್ಲೇ ಇಂಕು ಬಿಡುತ್ತಿದ್ದವು. ಗೋಡೆಗೆ, ನನ್ನ ಸೀರೆಗೆ, ಹೊರಗೆ ನಿಂತಿದ್ದ ಹುಡುಗಿಯ ಅಂಗಿಗೆ ಸಿಡಿಯಿತು.

ಗೆಳೆಯರು ಶೋಕೇಸಿನ ಗಾಜು ಒಡೆದರು. ಲ್ಯಾಮಿನೇಷನ್ ಯಂತ್ರವನ್ನು ರಸ್ತೆಗೆ ಎಸೆದರು. ನಮ್ಮವರು ಕಂಪ್ಯೂಟರಿಗೆ ಅಡ್ಡ ನಿಂತರು. ಮಗ ಅವರ ಕಾಲರ್ ಹಿಡಿದು ಬಾಯಿಗೆ ಗುದ್ದಿದ. ಮತ್ತೆ ಗುದ್ದಿದ. ನಾನು ಅವನ ತೋಳಿಗೆ ಜೋತುಬಿದ್ದೆ. ಅವನು ಕೊಡವಿದಾಗ ನನ್ನ ಭುಜ ಕೌಂಟರಿಗೆ ಬಡಿಯಿತು.

“ಸಾಕು ಮಗಾ, ನನಗೆ ಹೊಡಿ, ಅವಳನ್ನು ಮುಟ್ಟಬೇಡ,” ಎಂದರು ನಮ್ಮವರು. ಬಾಯಿ ತುಂಬ ರಕ್ತ.

ಅವನು ಎದೆಗೆ ಕೈಯಿಟ್ಟು ತಳ್ಳಿದ. ಅವರು ಒಂದು ಹೆಜ್ಜೆ ಹಿಂದೆ ಇಟ್ಟರು. ಆ ಕಾಲು ಇಂಕಿನ ಮೇಲೆ ಬಿತ್ತು. ತಲೆಯ ಹಿಂಭಾಗ ಶಟರಿನ ಕಬ್ಬಿಣದ ಕಂಬಿಗೆ ಬಡಿದ ಸದ್ದು, ತೆಂಗಿನಕಾಯಿ ಒಡೆದದ್ದಕ್ಕಿಂತ ಸಣ್ಣದು. ನೆಲದಲ್ಲಿ ಕಪ್ಪು ಇತ್ತು, ಅದರೊಳಗೆ ಕೆಂಪು ಹರಿಯತೊಡಗಿತು. ಯಾವುದು ಯಾವುದೆಂದು ತಿಳಿಯದೆ ನಾನು ಸೆರಗಿನಿಂದ ಎಲ್ಲವನ್ನೂ ಒರೆಸುತ್ತಿದ್ದೆ.

ಮಗ ಓಡಲಿಲ್ಲ. ಗೆಳೆಯರು ಓಡಿದರು. ಅವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು “ಅಂಕಲ್, ಉಠೋ ನಾ, ಅಂಕಲ್,” ಎಂದು ಅವರನ್ನು ಎಬ್ಬಿಸುತ್ತಿದ್ದ. ರಿಕ್ಷಾ ಕರೆದವನೂ ಅವನೇ. ಆಸ್ಪತ್ರೆಯಲ್ಲಿ ನಮ್ಮವರು ಕಣ್ಣು ಬಿಡದೆಯೇ ತೀರಿಕೊಂಡರು.

ಪೊಲೀಸರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಬೇರೆ ಬೇರೆ ರೀತಿಯಲ್ಲಿ: ತಳ್ಳಿದ್ದಾ, ಜಾರಿದ್ದಾ? ಅವನ ವಕೀಲರಿಗೆ ಜಾರಿದ್ದು ಬೇಕು. ನಮ್ಮ ಮೈದುನನಿಗೆ ತಳ್ಳಿದ್ದು ಬೇಕು. “ಅತ್ತಿಗೆ, ಇಂಕಿನ ಮಾತೇ ಎತ್ತಬೇಡಿ,” ಎನ್ನುತ್ತಾನೆ. ತಳ್ಳಿದ್ದು ನಾನು ನೋಡಿದೆ. ಜಾರಿದ್ದೂ ನೋಡಿದೆ. ಎರಡನ್ನೂ ಬರೆಸಿದೆ. ಆ ಇಂಕು ಅಲ್ಲಿಗೆ ಹೇಗೆ ಬಂತು ಎಂದು ಕೇಳಿದಾಗ ರಿಸೆಟ್ಟಿನ ಸಂಗತಿಯನ್ನೂ ಹೇಳಿದೆ. ಮೈದುನ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಮದುವೆ ಮುರಿಯಿತು. ಮಗ ಕಲ್ಯಾಣದ ಜೈಲಿನಲ್ಲಿದ್ದಾನೆ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಅಂಗಡಿ ತೊಳೆಯಲು ಹೋದೆ. ಟೈಲ್ಸಿನ ಸಂದಿಯ ಕಪ್ಪು ಬ್ರಷ್ಷಿಗೂ ಹೋಗಲಿಲ್ಲ. ಅಜ್ಜಿ ಬಂದು ಹಳೇ ಸ್ಟೂಲಿನ ಮೇಲೆ ಕೂತರು. ನನ್ನನ್ನು ಕಂಡು ಹೆದರಿದ ಹಾಗಿತ್ತು. ನಾನು ಅವರನ್ನು ಹೊರಗೆ ಕಳಿಸಲಿಲ್ಲ, ನೀರೂ ಕೊಡಲಿಲ್ಲ.

ಟೈಲ್ಸಿನ ಕಪ್ಪನ್ನು ನೋಡುತ್ತ ಕೇಳಿದರು. “ಅಮ್ಮಾ, ನೀನು ಆ ದಿನ ಫೋಟೋ ಸರಿಯಾಗಿ ನೋಡಿದ್ದೀಯಲ್ಲ? ಅವರ ಮೂಗು ಹೇಗಿತ್ತು ಹೇಳು. ನನಗೆ ಮರೆತು ಹೋಗ್ತಾ ಉಂಟು. ಜೈಲಿನಲ್ಲಿ ಅವ ಕೇಳ್ತಾನೆ.”

ನಾನು ಕಣ್ಣು ಮುಚ್ಚಿ ನೋಡಿದೆ. ಕುರ್ಚಿ ಬಂತು, ಕುರ್ಚಿಯ ಮೇಲಿನ ಕೈ ಬಂತು, ಅಂಗಿಯ ಅಗಲ ಕಾಲರ್ ಬಂತು. ಅದರ ಮೇಲೆ ನಮ್ಮವರ ಮುಖ ಬಂತು, ಬಾಯಿ ತುಂಬ ರಕ್ತ.

“ನೆನಪಿಲ್ಲ ಅಜ್ಜಿ,” ಎಂದೆ.

ಫೋಟೋ ಈಗ ಕೋರ್ಟಿನಲ್ಲಿದೆ. ಅದರಲ್ಲಿ ಮುಖವಿಲ್ಲ.