ರಂಗೂನಿಗೆ ಹೋದ ಗೌರಿ ಹಬ್ಬದ ಪುಸ್ತಕ

ಹುಣಸೂರಿನಲ್ಲಿ ನಮ್ಮಣ್ಣನಂಥ ವಿದ್ವಾಂಸ ಇನ್ನೊಬ್ಬನಿಲ್ಲ ಎಂದು ನಮ್ಮಣ್ಣನೇ ಹೇಳುತ್ತಿದ್ದ. ವೃತ್ತಿಯಲ್ಲಿ ವಕೀಲ, ಊರಿನ ಧರ್ಮಸಭೆಯೊಂದಕ್ಕೆ ಕಾರ್ಯದರ್ಶಿ. ಗಂಡ ಸತ್ತ ಮೇಲೆ ನಾನು ಬೋಳುತಲೆಗೆ ಕೆಂಪು ಸೀರೆಯ ಸೆರಗು ಹೊದ್ದು, ಕೂಸು ಮಗಳನ್ನೆತ್ತಿಕೊಂಡು ಅವನ ಮನೆ ಸೇರಿದ್ದೆ. ಆ ಮಗಳು ಈಗ ಮದುವೆಯಾಗಿ ರಂಗೂನಿನಲ್ಲಿದ್ದಳು. ಅಳಿಯನಿಗೆ ಅಲ್ಲಿ ರೈಲ್ವೆ ಗುಮಾಸ್ತನ ಕೆಲಸ.

ಆ ವರ್ಷ ರಂಗೂನಿನಲ್ಲಿದ್ದ ನಮ್ಮ ಕಡೆಯ ಸಂಸಾರಗಳವರು ಸಭೆಗೆ ಬರೆದರು. ಇಲ್ಲಿ ಪುರೋಹಿತರಿಲ್ಲ, ಹಿರಿಯ ಹೆಂಗಸರಿಲ್ಲ, ಗೌರಿ ಹಬ್ಬವನ್ನು ಮೊದಲಿಂದ ಕೊನೆಯವರೆಗೆ ಹೇಗೆ ಮಾಡುವುದೆಂದು ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿ ಕಳಿಸಿ ಎಂದು. ನನ್ನ ಮಗಳಿಗೆ ಅದು ಮದುವೆಯಾದ ಮೇಲಿನ ಮೊದಲ ಗೌರಿ. ತವರಿನಿಂದ ತಾಯಿ ಬಾಗಿನ ಕಳಿಸಬೇಕು, ಆದರೆ ವಿಧವೆಯ ಕೈಯಿಂದ ಬಾಗಿನ ಹೋಗುವಂತಿಲ್ಲ. ನನ್ನಿಂದ ಅವಳಿಗೆ ಏನಾದರೂ ತಲುಪುವುದಿದ್ದರೆ ಆ ಪುಸ್ತಕವೊಂದೇ.

ಅಣ್ಣ ಅದನ್ನು ಬರೆಸಿದ್ದು ಮನೆಯ ಪುರೋಹಿತರಾದ ಶಾಸ್ತ್ರಿಗಳಿಂದ. ಅವರು ಜಗುಲಿಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡು ಓದಿದರು: “ಮಂಟಪವನ್ನು ಪದ್ಧತಿಯಂತೆ ಅಲಂಕರಿಸಿ, ದೇವಿಯನ್ನು ಸಂಪ್ರದಾಯದಂತೆ ಸ್ಥಾಪಿಸಿ, ದೋರವನ್ನು ಹಿರಿಯರು ಹೇಳಿದಂತೆ ಕಟ್ಟಿಕೊಳ್ಳತಕ್ಕದ್ದು.” ಅಬ್ಬಬ್ಬಾ, ಎಂಥ ಪಾಂಡಿತ್ಯ! ಪದ್ಧತಿ ಗೊತ್ತಿಲ್ಲ ಎಂದು ಕೇಳಿದವರಿಗೆ ಪದ್ಧತಿಯಂತೆ ಮಾಡಿ ಎಂಬ ಉತ್ತರ. ಬಿಡಿಸಿ ಬರೆದಿದ್ದದ್ದು ದಕ್ಷಿಣೆಯ ಭಾಗ ಮಾತ್ರ, ಅದೂ ಪುರೋಹಿತರೇ ಇಲ್ಲದ ಊರಿಗೆ.

ನಾನು ಬಾಗಿಲ ಹಿಂದಿನಿಂದ ನಕ್ಕುಬಿಟ್ಟೆ.

“ಏನೇ ಅದು ನಗು?” ಅಂದ ಅಣ್ಣ.

“ದೋರಕ್ಕೆ ಎಷ್ಟು ಗಂಟು ಅಂತ ಬರೆದಿಲ್ಲವಲ್ಲ ಅಣ್ಣ. ಆ ಹುಡುಗಿಯರು ಸಮುದ್ರದಾಚೆಯಿಂದ ಕೂಗಿ ಕೇಳಬೇಕೇ?”

ಶಾಸ್ತ್ರಿಗಳು ಅಣ್ಣನ ಮುಖ ನೋಡಿದರು, ಅಣ್ಣ ಶಾಸ್ತ್ರಿಗಳ ಮುಖ ನೋಡಿದ. ಇಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಕಾಗದ ಒಳಕ್ಕೆ ಬಂತು.

ನಾನು ಬರೆದೆ. ಬೆಳಗಾಗೆದ್ದು ಎಣ್ಣೆ ನೀರು ಹಾಕಿಕೊಳ್ಳಿ. ಬಾವಿಯಿಲ್ಲದಿದ್ದರೆ ನಲ್ಲಿಯ ನೀರನ್ನೇ ತಂಬಿಗೆಗೆ ತುಂಬಿ, ಅರಿಶಿನ ಕುಂಕುಮ ಹಚ್ಚಿ ಗಂಗೆಪೂಜೆ ಮಾಡಿ. ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲೆ ಅರಿಶಿನದ ಗೌರಿಯನ್ನಿಡಿ. ಅವಳಿಗಿಂತ ಮೊದಲು ಗಣಪತಿಗೆ ಪೂಜೆಯಾಗಲಿ. ಅರಿಶಿನದ ದಾರಕ್ಕೆ ಹದಿನಾರು ಗಂಟು ಹಾಕಿದ ದೋರವನ್ನು ದೇವಿಯ ಮುಂದಿಟ್ಟು ಪೂಜಿಸಿ, ಆಮೇಲೆ ಬಲಗೈಗೆ ಕಟ್ಟಿಕೊಳ್ಳಿ. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ, ಬಾಚಣಿಗೆ, ಅರಿಶಿನ ಕುಂಕುಮ, ರವಿಕೆ ಕಣ ಇಟ್ಟು, ಇನ್ನೊಂದು ಮೊರ ಮುಚ್ಚಿ, ಸೆರಗಿನ ತುದಿ ಹಿಡಿದು ಬಾಗಿನ ಕೊಡಿ. ಮೊದಲನೆಯದು ದೇವಿಗೆ. ಆಮೇಲಿನದು ತಾಯಿಗೆ, ತಾಯಿ ಹೇಗೇ ಇರಲಿ.

ಶಾಸ್ತ್ರಿಗಳು ಎಲ್ಲವನ್ನೂ ಒಪ್ಪಿದರು, ‘ತಾಯಿ ಹೇಗೇ ಇರಲಿ’ ಎಂಬ ಕೊನೆಯ ಮೂರು ಮಾತನ್ನು ಬಿಟ್ಟು. “ಮುತ್ತೈದೆಯರ ವ್ರತ ಕಣಮ್ಮ ಇದು. ಅಪಶಕುನದ ಮಾತು ಯಾಕೆ?” ಎಂದು ದಪ್ಪ ಗೀಟು ಎಳೆದರು. ಕಾಗದದ ತುಂಬ ನನ್ನ ಅಕ್ಷರವಿದ್ದದ್ದು ಅವರಿಗೆ ಅಪಶಕುನವಾಗಲಿಲ್ಲ. ಕರ್ತೃವಿನ ಜಾಗದಲ್ಲಿ ಅಣ್ಣನ ಹೆಸರು ಬಂತು. ಅವನು ಅದನ್ನು ಮಾತ್ರ ಎರಡು ಸಲ ತಿದ್ದಿದ.

ಮೈಸೂರಿನ ಅಚ್ಚುಕೂಟದಿಂದ ಪ್ರೂಫ್ ಬಂದಾಗ ಅಣ್ಣ, “ನನಗೆ ಪುರುಸೊತ್ತಿಲ್ಲ, ಅಕ್ಷರತಪ್ಪು ನೀನೇ ನೋಡು” ಎಂದು ಅಡುಗೆಮನೆಯ ಹೊಸ್ತಿಲಿಗೆ ಎಸೆದ. ನೋಡಿದೆ. ಆ ಮೂರು ಮಾತನ್ನು ಮತ್ತೆ ಅಂಚಿನಲ್ಲಿ ಬರೆದು, ಎಲ್ಲಿ ಸೇರಬೇಕೆಂದು ಗುರುತು ಹಾಕಿ ಕಳಿಸಿದೆ. ಪುಸ್ತಕ ಅಚ್ಚಾಗಿ ಬಂತು. ಅಣ್ಣ ಮುಖಪುಟವನ್ನು ಊರಿಗೆಲ್ಲ ತೋರಿಸಿದ, ಶಾಸ್ತ್ರಿಗಳು ಹೊಗಳಿದರು. ಅವರಲ್ಲಿ ಒಬ್ಬರಾದರೂ ಒಳಗೆ ತೆರೆದು ಓದಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಥೂ, ಅವರಿಗೆಲ್ಲಿ ಅಷ್ಟು ಶ್ರದ್ಧೆ!

ದೀಪಾವಳಿಯ ಹೊತ್ತಿಗೆ, ರಂಗೂನಿನಲ್ಲಿ ವ್ಯಾಪಾರವಿದ್ದ ನಮ್ಮ ಬೀದಿಯ ಜವಳಿ ಸಾಬರು ಊರಿಗೆ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಗಂಟು.

“ನಿಮ್ಮ ಮಗಳು ಕೊಟ್ಟವ್ಳೆ ಕಣಮ್ಮಾ. ನಿಮ್ಮ ಕೈಗೇ ಕೊಡ್ಬೇಕು, ಬ್ಯಾರೆ ಯಾರ ಕೈಗೂ ಬ್ಯಾಡ ಅಂದವ್ಳೆ.”

ಸೆರಗೊಡ್ಡಿ ತೆಗೆದುಕೊಂಡೆ. ಬಿಚ್ಚಿದರೆ ಮೊರದ ಬಾಗಿನ. ಹಸಿರು ಬಳೆ, ಕನ್ನಡಿ, ಬಾಚಣಿಗೆ, ಕುಂಕುಮ. ನನ್ನ ಬೋಳುತಲೆ ನೋಡಿಕೊಂಡು ಬೆಳೆದ ಮಗಳು ಒಂದನ್ನೂ ಕಡಿಮೆ ಮಾಡಿರಲಿಲ್ಲ. ಅಲ್ಲೇ ಕೂತು ಅತ್ತೆ.

ಅಣ್ಣ ಒಳಗೆ ಬಂದವನು ಕಿರುಚಿದ. “ಬುದ್ಧಿಗಿದ್ದಿ ಇದೆಯೇ ಅವಳಿಗೆ? ವಿಧವೆಗೆ ಬಾಗಿನವೇ? ಯಾವ ಮೂರ್ಖ ಹೇಳಿಕೊಟ್ಟ?”

ಕಣ್ಣೊರೆಸಿಕೊಂಡು ಗೂಡಿನಿಂದ ಅವನ ಪುಸ್ತಕ ತೆಗೆದು, ಅವನ ಹೆಸರು ಮೇಲೆ ಕಾಣುವಂತೆ ಕೈಗೆ ಕೊಟ್ಟೆ.

“ಓದಣ್ಣ,” ಅಂದೆ. “ಒಂದು ಸಲವಾದರೂ ಓದು.”