ಬುಡದಲ್ಲಿ ಬಿಟ್ಟ ಬೆರಳಗಲ

ಅಲ್ಯೂಮಿನಿಯಂ ಫಾಯಿಲ್ ಹರಿಯುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಸರ್ರ್ ಎಂದು ಒಂದು ಉದ್ದನೆಯ ಎಳೆತ, ಆಮೇಲೆ ಅದನ್ನು ಮಡಿಸುವಾಗಿನ ಸಣ್ಣ ಚರಪರ. ಬಾಗಿಲಿನಾಚೆ ನಮ್ಮ ಗಡಿಯೂರು ಜತ್ತದ ಪೇಟೆಯ ಟೆಂಪೋಗಳು ಎಷ್ಟೇ ಹಾರ್ನ್ ಹೊಡೆಯಲಿ, ಒಳಮನೆಯಲ್ಲಿ ಕೂತ ನನಗೆ ಆ ಚರಪರವೇ ಕೇಳುತ್ತಿತ್ತು. ನಾನು ಕಾನ್ವೆಂಟ್ ಬೋರ್ಡಿಂಗಿನಲ್ಲಿದ್ದಾಗ ಕ್ರಿಸ್‌ಮಸ್ಸಿಗೆ ಸಿಸ್ಟರ್ ಕೊಡುತ್ತಿದ್ದ ಚಾಕಲೇಟಿನ ಬೆಳ್ಳಿ ಕಾಗದ ಬಿಚ್ಚುವಾಗ ಹೀಗೆಯೇ ಸದ್ದಾಗುತ್ತಿತ್ತು.

ಆ ಸದ್ದು ಬರುತ್ತಿದ್ದ ಮುಂದಿನ ಕೋಣೆ ಮೊದಲು ನನ್ನ ಇಂಗ್ಲಿಷ್ ಟ್ಯೂಷನ್ನಿನದು. ನನಗೆ ಕಣ್ಣು ಮಂಜಾಗಿ ಟ್ಯೂಷನ್ ನಿಂತ ಮೇಲೆ ನನ್ನ ತಂಗಿಯ ಮಗಳು ಅಲ್ಲಿ ಪಾರ್ಲರ್ ಹಾಕಿದಳು. ಬೋರ್ಡು ಇದ್ದ ಗೋಡೆಗೆ ಕನ್ನಡಿ ಬಂತು, ಬೆಂಚುಗಳ ಜಾಗಕ್ಕೆ ತಿರುಗುವ ಕುರ್ಚಿ ಬಂತು. ಡಫಳಾಪುರ, ಯಳವಿ ಕಡೆಯ ಹುಡುಗಿಯರು ಹುಬ್ಬು ತೀಡಿಸಲು ಬರುತ್ತಾರೆ. ಮದುವೆಯ ಸೀಜನ್ನಿನಲ್ಲಂತೂ ನಮ್ಮ ಮನೆಯ ಚಪ್ಪಲಿಗಳನ್ನು ಹುಡುಕಿಕೊಳ್ಳುವುದೇ ಒಂದು ಕೆಲಸ.

ನನ್ನ ಗೆಳತಿ ಆ ಕುರ್ಚಿಯಲ್ಲಿ ಕೂತದ್ದು ಒಂದು ಬೇಸಿಗೆಯಲ್ಲಿ. ಕರಜಗಿಯ ಹುಡುಗಿ ಅವಳು. ನಮ್ಮಿಬ್ಬರನ್ನೂ ಒಂದೇ ವರ್ಷ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ್ದರು. ಒತ್ತಿನ ಮಂಚ, ಒಂದೇ ಟ್ರಂಕಿನ ಮೇಲೆ ಇಬ್ಬರ ಕನ್ನಡಿ. ಪ್ರಾರ್ಥನೆಯ ಹೊತ್ತಿಗೆ ಅವಳು ನನ್ನ ಜಡೆಯನ್ನೂ ತನ್ನ ಜಡೆಯನ್ನೂ ಸೇರಿಸಿ ಗಂಟು ಹಾಕಿಬಿಡುತ್ತಿದ್ದಳು, ಎದ್ದು ನಿಂತರೆ ಇಬ್ಬರೂ ಆಯ್ ಎನ್ನಬೇಕು. ಅವಳು ಮದುವೆಯಾಗಿ ಸೋಲಾಪುರಕ್ಕೆ ಹೋದಳು. ನಾನು ಮದುವೆಯಾಗಲಿಲ್ಲ, ಇಲ್ಲಿಯೇ ಉಳಿದೆ. ವರ್ಷಕ್ಕೊಮ್ಮೆ ನಾಲ್ಕು ದಿನ ಬಂದು ಇದ್ದು ಹೋಗುವುದು ಅವಳ ಪದ್ಧತಿ. ನನ್ನ ಇಡೀ ವರ್ಷ ಆ ನಾಲ್ಕು ದಿನಗಳ ಸುತ್ತ ತಿರುಗುತ್ತಿತ್ತು ಎಂದು ಅವಳಿಗೆ ಎಂದೂ ಹೇಳಲಿಲ್ಲ. ಅಂಥ ಮಾತು ಬಾಯಿಗೆ ಬರುವ ಹಾಗೆ ಸಿಸ್ಟರ್‌ಗಳು ನಮ್ಮನ್ನು ಬೆಳೆಸಿರಲಿಲ್ಲ.

ಆ ಸಲ ಬ್ಯಾಗು ಕೆಳಗಿಡುತ್ತಲೇ ಹೇಳಿದಳು. "ಇದs ಲಾಸ್ಟ್ ಟ್ರಿಪ್ ನೋಡವಾ. ಸೋಲಾಪುರದ ಮನಿ ಖಾಲಿ ಮಾಡಾಕತ್ತೀನಿ. ನಾಗಪುರಕ್ಕ, ಮಗಳ ಕಡೆ."

"ನಾಗಪುರ ಏನ್ ಚಂದ್ರಲೋಕ ಅಲ್ಲಲಾ," ಎಂದೆ.

"ನನ್ನ ಮೊಣಕಾಲಿಗಿ ಚಂದ್ರಲೋಕನ ಅದು."

ಹೀಗೆ ನಗಿಸಿ ಆ ಸುದ್ದಿ ಮುಗಿಸಿದಳು. ಆಮೇಲೆ ಸೆರಗು ಸರಿಸಿ ತಲೆ ತೋರಿಸಿದಳು. ನಾನು ಐವತ್ತಕ್ಕೇ ಬೆಳ್ಳಗಾಗಿ ಹಾಗೆಯೇ ಬಿಟ್ಟವಳು. ಅವಳು ಮಾತ್ರ ಅಷ್ಟೂ ವರ್ಷ ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡು ಬಂದವಳು. ಹದಿನೈದು ದಿನದ ಹಿಂದೆ ಹಚ್ಚಿದ್ದು ಅವಳ ಚರ್ಮಕ್ಕೆ ಒಗ್ಗದೆ ತಲೆಯೆಲ್ಲ ತುರಿಸಿ, ಡಾಕ್ಟರು ಇನ್ನು ಮುಟ್ಟಬೇಡಿ ಎಂದಿದ್ದರು. ಹಾಗೆಯೇ ಬಿಟ್ಟರೆ ಬುಡ ಬಿಳಿ, ಕೆಳಗೆ ಕಪ್ಪು, ಎರಡು ಬಣ್ಣದ ತಲೆ ಹೊತ್ತು ವರ್ಷಗಟ್ಟಲೆ ತಿರುಗಬೇಕು. ಹೊಸ ಊರಿಗೆ, ಅಳಿಯನ ಮನೆಗೆ ಹಾಗೆ ಹೋಗಲಾರೆ, ಎಲ್ಲ ಕಪ್ಪನ್ನೂ ತೆಗೆಸಿಬಿಡುತ್ತೇನೆ ಎಂದು ಅವಳ ಹಟ. "ನಿನ್ನಂಗ ಬೆಳ್ಳಿ ಮಾಡಸ್ಕೊಂತೀನಿ. ಈ ನಾಕ್ ದಿನದಾಗs ಮುಗೀಬೇಕು," ಎಂದಳು.

ತಂಗಿಯ ಮಗಳು ಅಂದೇ ಅವಳ ಕಿವಿಯ ಹಿಂದೆ ಬಣ್ಣ ತೆಗೆಯುವ ಬ್ಲೀಚನ್ನು ಒಂದು ಚುಕ್ಕೆ ಹಚ್ಚಿ ಒರೆಸಿದಳು, ಮರುದಿನ ನೋಡಿದಳು, ಏನೂ ಆಗಿರಲಿಲ್ಲ. ಒಂದು ಎಳೆಯ ಮೇಲೆ ಪರೀಕ್ಷೆಯನ್ನೂ ಮಾಡಿಕೊಂಡಳು. "ನಾಳೆ ಮುಂಜಾನೆ ಕುಂದ್ರಿ ಮಾವಶಿ. ಆದ್ರ ತಲಿ ತೊಳಕೋಬ್ಯಾಡ್ರಿ. ತಲಿಯಾಗಿನ ಜಿಡ್ಡು ಹಂಗ ಇರಲಿ, ಅದs ಚರ್ಮ ಕಾಯತೈತಿ," ಎಂದು ಹೇಳಿಯೂ ಹೇಳಿದಳು.

ಆದರೆ ನಮ್ಮ ಪೀಳಿಗೆಯವರಿಗೆ ತೊಳೆಯದ ತಲೆಯನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಅವಮಾನ. ಬೋರ್ಡಿಂಗಿನಲ್ಲಿ ಶನಿವಾರ ಶನಿವಾರ ಸಿಸ್ಟರ್ ಬಾಚಣಿಗೆ ಹಿಡಿದು ಸಾಲಾಗಿ ತಲೆ ನೋಡುತ್ತಿದ್ದರು, ಕೊಳೆ ಕಂಡವಳಿಗೆ ಆ ಸಂಜೆ ಆಟ ಇಲ್ಲ. ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಬಚ್ಚಲಿನಿಂದ ಸೀಗೆಕಾಯಿಯ ವಾಸನೆ ಬರುತ್ತಿತ್ತು. ಮಹಾರಾಯಿತಿ ಕಾಯ್ದ ನೀರು ಹೊಯ್ದುಕೊಂಡು, ಉಗುರಿನಿಂದ ಗಸಗಸ ತಿಕ್ಕಿ, ಟವೆಲ್ ಸುತ್ತಿಕೊಂಡು ಬಂದು ನಿಂತಿದ್ದಳು.

ನಮ್ಮ ಪಾರ್ಲರ್ ಹುಡುಗಿ ಟವೆಲ್ ಬಿಚ್ಚಿ ಬೈತಲೆ ತೆರೆದು ನೋಡಿ ಹೌಹಾರಿದಳು. "ಏನ್ ಮಾಡ್ಕೊಂಡ್ರಿ ಇದು? ತಲಿ ಕೆಂಪಗ ಟೊಮೆಟೊ ಆಗೇತಿ!"

"ಮತ್ತೇನು, ಹೊಲಸ ತಲಿ ತೊಗೊಂಡು ಕುಂದರಲೇನು ನಿನ್ನ ಮುಂದ?"

"ಹೊಲಸs ಬೇಕಾಗಿತ್ರಿ ನನಗ ಇವತ್ತು!"

ಅವಳು ದೀಪ ಹತ್ತಿರ ಹಿಡಿದು, ಒಂದೊಂದೇ ಸಾಲು ಬಿಡಿಸಿ ನೋಡಿದಳು. ಚರ್ಮ ಎಲ್ಲೂ ಒಡೆದಿರಲಿಲ್ಲ. "ಗಾಯ ಇದ್ದಿದ್ರ ಇವತ್ತ ಮುಟ್ಟತಿದ್ದಿಲ್ಲ. ಈಗ ಮಾಡತೀನಿ, ಆದ್ರ ಬುಡದಾಗ ಒಂದು ಬೆರಳಗಲ ಬಿಡತೀನಿ. ಚರ್ಮಕ್ಕ ಒಂದು ಹನಿ ತಾಗಬಾರದು."

"ಬೆರಳಗಲ ಕರೀದು ಉಳೀತೈತಿ?"

"ಉಳೀತೈತ್ರಿ."

"ಸೀರಿಗಿ ಬಾರ್ಡರ್ ಹಚ್ಚಿದಂಗ! ಇಲ್ಲವಾ, ನನಗ ಬುಡದತನಕ ಬೇಕು."

ನಾನು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದೆ. ಬ್ಲೀಚ್ ಪೌಡರಿಗೆ ಡೆವಲಪರ್ ಎಂಬ ದ್ರವ ಸುರಿದು ಕಲಸುವಾಗ ಮೂಗಿಗೆ ಚುರ್ರೆನ್ನುವ ವಾಸನೆ. ಹುಡುಗಿ ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ, ಹಿಂದಿನಿಂದ ಶುರು ಮಾಡಿದಳು. ತೆಳ್ಳನೆಯ ಒಂದು ಪದರ, ಅದರ ಕೆಳಗೆ ಫಾಯಿಲ್, ನಡುವಿನಿಂದ ತುದಿಯ ತನಕ ಬ್ರಶ್ಶಿನಿಂದ ಬ್ಲೀಚ್, ಮಡಿಕೆ. ಬುಡದ ಕಡೆ ಹೋಗಲೇ ಇಲ್ಲ.

"ಜನಾ ಎಲ್ಲಾರೂ ಮ್ಯಾಲಿಂದ ಕೆಳಗ ಹಚ್ಚತಾರ, ನೀ ಏನ್ ಉಲ್ಟಾ," ಎಂದಳು ಗೆಳತಿ.

"ತುದಿಗಿ ವರ್ಷಾನಗಟ್ಟಲೆ ಬಣ್ಣ ಕುಂತೈತ್ರಿ, ಪದರಿನ ಮ್ಯಾಲೆ ಪದರು. ಅದು ಲಗೂನ ಬಿಡೂದಿಲ್ಲ. ಬುಡದಾಗ ಹಂಗಲ್ಲ, ತಲಿ ಕಾವು ಇರತೈತಿ, ಆ ಕಾವಿಗಿ ಬ್ಲೀಚ್ ಜೋರ್ ಕೆಲಸ ಮಾಡತೈತಿ. ಎರಡೂ ಕೂಡೇ ಹಚ್ಚಿದ್ರ ಬುಡ ಬೆಳ್ಳಗ ಆಗಿ ಕುಂದರತೈತಿ, ತುದಿ ಇನ್ನೂ ಕಿತ್ತಳಿ ಸಿಪ್ಪಿ ಇದ್ದಂಗ ಇರತೈತಿ. ತುದಿ ಸಲುವಾಗಿ ಕಾಯಾಕ ಹೋದ್ರ ಅಷ್ಟೊತ್ತೂ ಬುಡದಾಗ ಕುಂತು ಚರ್ಮ ಸುಡತೈತಿ. ಅದಕ್ಕs ಬುಡಾ ಯಾವಾಗ್ಲೂ ಕಡೀಕ."

"ಅಂದ್ರ ನನ್ನ ತಲಿ ಭಾಳ ಬಿಸಿ ಅಂತೀ."

"ಸಿಸ್ಟರ್ ಅವಾಗs ಹೇಳಿದ್ರಲ್ಲ," ಎಂದೆ ನಾನು. ಕನ್ನಡಿಯಲ್ಲಿ ನಾಲಿಗೆ ತೋರಿಸಿದಳು. ತಲೆಯ ತುಂಬ ಬೆಳ್ಳಿ ಮಡಿಕೆಗಳು, ಎಪ್ಪತ್ತು ದಾಟಿದ ಮುಖ, ಮತ್ತು ಆ ನಾಲಿಗೆ.

ತುದಿಗಳು ಕಪ್ಪಿನಿಂದ ಇಟ್ಟಿಗೆಗೆ, ಇಟ್ಟಿಗೆಯಿಂದ ಕಿತ್ತಳೆಗೆ ತಿರುಗುವ ತನಕ ಹುಡುಗಿ ಫಾಯಿಲ್ ಬಿಚ್ಚಿ ಬಿಚ್ಚಿ ನೋಡಿದಳು. ಆಮೇಲೆ ಹೊಸದಾಗಿ ಕಲಸಿಕೊಂಡು ಮೇಲಿನ ಭಾಗಕ್ಕೆ ಹಚ್ಚತೊಡಗಿದಳು. ಚರ್ಮ ಇನ್ನೂ ಬೆರಳಗಲ ದೂರ ಇರುವಾಗಲೇ ಬ್ರಶ್ಶು ನಿಲ್ಲುತ್ತಿತ್ತು. ಅಲ್ಲಿ ದಪ್ಪಗೆ ಹಚ್ಚುತ್ತಲೂ ಇರಲಿಲ್ಲ, ಬ್ಲೀಚ್ ಉಬ್ಬಿ ಬುಡಕ್ಕೆ ಹರಿಯುತ್ತದಂತೆ. ಅಷ್ಟರಲ್ಲಿ ಯಾರೋ ಮದುಮಗಳ ತಾಯಿ ಬಾಗಿಲಿಗೆ ಬಂದಳು, ಹುಡುಗಿ ಎರಡು ಮಾತಾಡಲು ಹೊರಗೆ ಹೋದಳು.

"ಏ, ಬ್ರಶ್ ತೊಗೋ," ಗೆಳತಿ ಪಿಸುಗುಟ್ಟಿದಳು. "ಮುಂದಿನ ಬೈತಲಿಗಿಷ್ಟು ಬುಡದತನಕ ಹಚ್ಚು. ಮತ್ತ ಯಾವಾಗ ಬರತೀನಿ ನಾ ಇಲ್ಲಿ?"

ಮತ್ತೆ ಯಾವಾಗ. ನನ್ನ ಕೈ ಮಡಿಲಿನಿಂದ ಏಳಲಿಲ್ಲ. ಅವಳ ತಲೆ ಸುಟ್ಟೀತೆಂಬ ಹೆದರಿಕೆ ಇತ್ತು, ನಿಜ. ಆದರೆ ಆ ಹೊತ್ತಿಗೆ ನನ್ನ ಮನಸ್ಸು ಬೇರೆಯದನ್ನೂ ಲೆಕ್ಕ ಹಾಕಿತ್ತು. ಬೆರಳಗಲ ಕಪ್ಪು ಉಳಿದರೆ ಅದನ್ನು ತೆಗೆಸಲು ಇವಳು ಇನ್ನೊಮ್ಮೆ ಬರಬೇಕಾಗುತ್ತದೆ.

"ಪೇಷನ್ಸ್, ಮೈ ಡಿಯರ್," ಎಂದೆ.

"ನಿನ್ನ ಪೇಷನ್ಸಿಗಿ ಬೆಂಕಿ ಹಚ್ಚ," ಎಂದು ತಾನೇ ಬ್ಲೀಚಿನ ಬಟ್ಟಲಿಗೆ ಬೆರಳು ಅದ್ದಿ ಹಣೆಯ ಮೇಲಿನ ಬೈತಲೆಗೆ ಒತ್ತಿಕೊಂಡಳು. ನಾನು ಕೂಗುವ ಮೊದಲೇ ಅವಳೇ ಕೂಗಿದಳು. ಹುಡುಗಿ ಓಡಿ ಬಂದು ಒದ್ದೆ ಹತ್ತಿಯಲ್ಲಿ ಒರೆಸಿ, ತಣ್ಣೀರು ಹಾಕಿ ಹಾಕಿ ತೊಳೆದಳು. ಕಾಳಿನಷ್ಟು ಜಾಗ ಕೆಂಪಾಗಿ ಉರಿಯಿತು, ಅಷ್ಟೇ.

"ಒಂದು ಬೊಟ್ಟಿಗಿ ಇಷ್ಟು. ಪೂರಾ ತಲಿಗಿ ಹಚ್ಚಿದ್ರ?" ಎಂದಳು ಹುಡುಗಿ. ಗೆಳತಿ ಕಣ್ಣೊರೆಸಿಕೊಂಡು ಕುರ್ಚಿಗೆ ಒರಗಿದಳು.

ತೊಳೆದು, ಹಳದಿ ಛಾಯೆ ತೆಗೆಯುವ ನೇರಳೆ ಶಾಂಪೂ ಹಾಕಿ, ಒಣಗಿಸಿದ ಮೇಲೆ ಕೂದಲಿಗೆ ಬಂದದ್ದು ನಮ್ಮ ಕಾನ್ವೆಂಟಿನ ಹಳೆಯ ಪಿಯಾನೋದ ಬಿಳಿ ಕೀಗಳ ಬಣ್ಣ. ಬುಡದಲ್ಲಿ ಮಾತ್ರ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆ.

"ಇದು ಬೆಳಕೊಂತ ಹೊರಗ ಬರಲಿ. ಬುಡದಾಗ ನಿಮ್ಮ ಸ್ವಂತ ಬಿಳೀದು ಬರತೈತಿ. ಆಗ ಕರೀದು ಚರ್ಮದಿಂದ ದೂರ ಇರತೈತಿ, ಆರಾಮ ತೆಗೀತೀನಿ. ದೀಪಾವಳಿ ಮುಂದ ಬರ್ರಿ."

"ನಾಗಪುರದಾಗ ಪಾರ್ಲರ್ ಇಲ್ಲೇನು?" ಎಂದಳು ಗೆಳತಿ, ಕನ್ನಡಿ ನೋಡುತ್ತಲೇ. ನಾನು ಎದ್ದು ಚಹಾ ಇಡಲು ಒಳಗೆ ಹೋದೆ.

ಆ ಮಳೆಗಾಲವೆಲ್ಲ ಫೋನಿನಲ್ಲಿ ಅವಳ ಮೊಣಕಾಲಿನ ಸುದ್ದಿಗಿಂತ ಮೊದಲು ನಾನು ಗೆರೆಯ ಸುದ್ದಿ ಕೇಳುತ್ತಿದ್ದೆ. ಎಲ್ಲಿಗೆ ಬಂತು? ಕಿವಿಗಿಂತ ಮೇಲೆ ಇದೆಯಾ? ಅಲ್ಲಿ ಯಾರಿಗಾದರೂ ತೋರಿಸಿದೆಯಾ? "ಮಗಳು ಕರಕೊಂಡ ಹೋಗತೀನಿ ಅಂತಾಳ," ಎಂದಳು ಒಮ್ಮೆ. ಫೋನಿಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಎಷ್ಟು ಸಿಲ್ಲಿ ಎಂದು ನನಗೇ ಗೊತ್ತಿತ್ತು.

ದೀಪಾವಳಿಗೆ ಮೊದಲು ಬಂದಳು. ಮಿರಜದ ತನಕ ರೈಲು, ಅಲ್ಲಿಂದ ಬಸ್ಸು, ಕೈಯಲ್ಲಿ ಕೋಲು. ಹೊಸಿಲು ದಾಟುತ್ತಲೇ ಸೆರಗು ತೆಗೆದು, "ತೊಗೋ, ನಿನ್ನ ಬಾರ್ಡರ್ ತಂದೀನಿ," ಎಂದಳು. ಬುಡದಲ್ಲಿ ಶುದ್ಧ ಬಿಳಿ, ಆಮೇಲೆ ಕಪ್ಪು ಪಟ್ಟಿ, ಆಮೇಲೆ ಪಿಯಾನೋ ಬಣ್ಣ. ಅವಳು ತಲೆ ತೊಳೆದಿರಲಿಲ್ಲ. "ಹೊಲಸ ಐತಿ, ಸಾಕಲ್ಲಾ?" ಎಂದು ಹುಡುಗಿಯನ್ನು ಕೆಣಕಿದಳು.

ಈ ಸಲ ಉರಿಯಲಿಲ್ಲ. ಬ್ಲೀಚ್ ಬರೀ ಪಟ್ಟಿಯ ಮೇಲೆ ಕೂತಿತು, ಚರ್ಮಕ್ಕೂ ಅದಕ್ಕೂ ನಡುವೆ ಅವಳದೇ ಬಿಳಿ ಕೂದಲು. ನಾನು ಸ್ಟೂಲಿನ ಮೇಲೆ ಕೂತು ಫಾಯಿಲ್ಲಿನ ಚರಪರ ಕೇಳುತ್ತ, ಹುಡುಗಿಯ ಕೈ ಇಷ್ಟು ಚುರುಕಾಗಿರದಿದ್ದರೆ ಚಲೋ ಇತ್ತು ಎಂದುಕೊಂಡೆ. ಸಂಜೆಗೆ ಕನ್ನಡಿಯಲ್ಲಿ ಎರಡು ಬಿಳಿ ತಲೆಗಳು. ಅವಳು ನನ್ನ ಮೋಟು ಜಡೆ ಹಿಡಿದು ತನ್ನ ಕೂದಲಿಗೆ ಸುತ್ತಲು ನೋಡಿದಳು, ಉದ್ದ ಸಾಲಲಿಲ್ಲ.

ಮರುದಿನ ಮಧ್ಯಾಹ್ನ ಜತ್ತ ಸ್ಟ್ಯಾಂಡಿನಲ್ಲಿ ಅವಳನ್ನು ಎಸ್.ಟಿ. ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಪಕ್ಕದ ಸೀಟಿಗಾಗಿ ಯಾರದೋ ಜೊತೆ ಮರಾಠಿಯಲ್ಲಿ ಜಗಳಾಡಿ ಗೆದ್ದಳು. ನಾನು ಕೆಳಗೆ ಕಿಟಕಿಯ ಸರಳು ಹಿಡಿದು ನಿಂತೆ. ಮತ್ತೆ ಯಾವಾಗ ಬರುತ್ತೀ ಎಂದು ಕೇಳಲು ಈಗ ನನ್ನ ಬಳಿ ನೆಪವೇ ಇರಲಿಲ್ಲ.

"ಎಲ್ಲೆರೆ ಕರೀದು ಉಳದೈತೇನು ನೋಡು," ಎಂದು ಅವಳು ಸೆರಗು ಸರಿಸಿ, ತಲೆ ಬಗ್ಗಿಸಿ ಸರಳಿಗೆ ಒತ್ತಿ ಹಿಡಿದಳು. ಬಿಸಿಲಿನಲ್ಲಿ ನಾನು ಬೆರಳಿಂದ ಬೈತಲೆ ಬಿಡಿಸಿ, ಒಂದು ಎಳೆಯಾದರೂ ಸಿಕ್ಕೀತೆಂದು ಕಣ್ಣು ಕಿರಿದು ಮಾಡಿ ಹುಡುಕಿದೆ. ಕಂಡಕ್ಟರ್ ಗಂಟೆ ಹೊಡೆದ. ನನ್ನ ಬೆರಳಿನಿಂದ ಅವಳ ಕೂದಲು ಜಾರಿತು. ಅವಳು ತಲೆಯೆತ್ತಿ ಏನೋ ಕೇಳಿದಳು, ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳನ್ನು ನಾನು ಕಡೆಯ ಸಲ ನೋಡಿದ್ದು ಆಗಲೇ.