ಎಣಿಸದೆ ಹಾಕಿದ ಸಹಿ

ಆಸ್ಪತ್ರೆಯ ಉಗ್ರಾಣಿ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಬೀಗದಕೈ ಗೊಂಚಲು ಒಪ್ಪಿಸಿದ ಮೇಲೂ ಸೊಂಟ ತಡವಿಕೊಳ್ಳುವ ಚಟ ಬಿಟ್ಟಿರಲಿಲ್ಲ. ಅಂಥವರ ಮನೆಗೆ ಇಲಾಖೆಯ ಲಕೋಟೆ ಬಂತು: ನಿಮ್ಮ ಪಿಂಚಣಿಯಲ್ಲಿ ಮೂರನೇ ಒಂದು ಭಾಗವನ್ನು ಕಾಯಂ ಕಡಿತ ಮಾಡಬಾರದೇಕೆ, ಹದಿನೈದು ದಿನದಲ್ಲಿ ಉತ್ತರಿಸಿ.

ಲಕೋಟೆಯನ್ನು ಅವರು ಬೀರುವಿನಲ್ಲಿ ಅಂಗಿಗಳ ಕೆಳಗಿಟ್ಟರು. ಅಲ್ಲಿ ಹಳೆಯದೊಂದು ಆಗಲೇ ಮಲಗಿತ್ತು. ಹೋದ ವರ್ಷ ಬಂದ ಆರೋಪಪಟ್ಟಿ ಅದು. ಅದಕ್ಕೆ ಉತ್ತರಿಸದಿದ್ದುದರಿಂದ ವಿಚಾರಣೆ ಇವರಿಲ್ಲದೆಯೇ ಮುಗಿದು, ತಪ್ಪು ಸಾಬೀತೆಂದು ತೀರ್ಮಾನವಾಗಿತ್ತು.

ಉತ್ತರ ಬರೆಯಲು ಕೈ ಬಾರದ್ದಕ್ಕೆ ಕಾರಣವಿತ್ತು. ಆಸ್ಪತ್ರೆಯಲ್ಲಿ ವರ್ಷದ ಕೊನೆಗೆ ದಾಸ್ತಾನು ತಪಾಸಣೆ. ಹೊದಿಕೆಯ ಮೂಟೆಗಳನ್ನು ಬಿಚ್ಚಿದರೆ ಮತ್ತೆ ಕಟ್ಟುವವರಾರು? ಹೊರಗಿನ ಚೀಟಿ ಓದುವುದು, ‘ಎಣಿಸಿ ನೋಡಿದೆ’ ಎಂದು ಸಹಿ ಹಾಕುವುದು, ಚಹಾ ಕುಡಿಯುವುದು. ಒಂದು ವರ್ಷ ಇನ್ನೂರು ಹೊದಿಕೆಯ ಮೂಟೆಗಳ ಒಳಗೆ ಬರೀ ಹರಕು ಗೋಣಿ ತುಂಬಿತ್ತಂತೆ. ಕದ್ದವನು ಯಾರೋ. ಕಣ್ಮುಚ್ಚಿ ಸಹಿ ಹಾಕಿದವರು ಇವರು. ಅದನ್ನು ಕಾಗದದ ಮೇಲೆ ಹೇಳುವುದಕ್ಕಿಂತ ಪಿಂಚಣಿ ಹೋಗುವುದೇ ಮೇಲೆನಿಸಿತ್ತು.

ಹದಿಮೂರನೇ ದಿನ ಇಸ್ತ್ರಿಯ ಅಂಗಿ ಜೋಡಿಸುವಾಗ ಹೆಂಡತಿಯ ಕೈಗೆ ಎರಡೂ ಸಿಕ್ಕವು. ಬೈಯಲಿಲ್ಲ. ಅವನ್ನು ಗಂಡನ ಜೇಬಿಗಿಟ್ಟು, ನಿವೃತ್ತರ ಸಂಘದ ಕೋಣೆಗೆ ಕಳಿಸಿದಳು.

ಅಲ್ಲಿನ ಕಾರ್ಯದರ್ಶಿ ಹಿಂದೆ ಹೆಡ್‌ ಕ್ಲರ್ಕು. ಜನ ‘ನಿಯಮದ ಪುಸ್ತಕ’ ಎಂದೇ ಕರೆಯುತ್ತಿದ್ದರು. ಅವರು ಕನ್ನಡಕ ಏರಿಸಿ ತಾರೀಖುಗಳನ್ನಷ್ಟೇ ಓದಿದರು.

“ಸಹಿ ಹಾಕಿದ್ದು ಯಾವಾಗ?”

“ಆರು ವರ್ಷ ಆಯ್ತು.”

“ಈ ಆರೋಪಪಟ್ಟಿಯ ಮೆಮೊ ಬಂದಿದ್ದು ಹೋದ ವರ್ಷ, ನೀವು ಮನೆಗೆ ಹೋದ್ಮೇಲೆ. ನಿವೃತ್ತಿ ಆದ್ಮೇಲೆ ಶುರು ಮಾಡೋ ವಿಚಾರಣೆ, ಶುರುವಾದ ದಿನದಿಂದ ಹಿಂದಿನ ನಾಲ್ಕು ವರ್ಷದೊಳಗಿನ ವಿಷಯಕ್ಕೆ ಮಾತ್ರ. ಇದು ಮೆಮೊ ಬಂದಾಗ್ಲೇ ಐದು ವರ್ಷದ ಹಿಂದಿಂದು. ಇಲಾಖೆಯವ್ರೇ ಮಲಗಿಬಿಟ್ಟಿದ್ರು, ಉಗ್ರಾಣಿಗಳೇ.”

ಸೇವೆಯಲ್ಲಿದ್ದಾಗಲೇ ವಜಾ ಆಗಿದ್ದರೆ ಪಿಂಚಣಿಯ ಹಕ್ಕೇ ಹೋಗಿ, ಇಲಾಖೆ ದಯೆ ತೋರಿದರೆ ಒಂದಿಷ್ಟು ಭತ್ಯೆ ಅಷ್ಟೇ ಸಿಗುತ್ತಿತ್ತು ಎಂದೂ ಅವರು ತಿಳಿಸಿದರು. ನಿವೃತ್ತರ ಪಿಂಚಣಿಗೆ ಕೈ ಹಾಕಲು ಗಂಭೀರ ತಪ್ಪು ಸಾಬೀತಾಗಬೇಕು. ವಿಚಾರಣಾ ವರದಿಯ ಪ್ರತಿ ಕೊಟ್ಟು, ಉತ್ತರ ಕೇಳಿದ ಮೇಲೆಯೇ ಆದೇಶ. ವರದಿಯ ಪ್ರತಿ ಇವರಿಗೆ ಬಂದೇ ಇರಲಿಲ್ಲ.

ಉಗ್ರಾಣಿ ಲಕೋಟೆಗಳನ್ನು ತಮ್ಮತ್ತ ಎಳೆದುಕೊಂಡರು. “ಆದ್ರೆ ಎಣಿಸದೇ ಸಹಿ ಹಾಕಿದ್ದು ನಿಜ ಸ್ವಾಮಿ.”

“ಆ ನಿಜ ನಿಮ್ಮ ಹತ್ರ ಇಟ್ಕೊಳ್ಳಿ. ಅವ್ರು ಕೇಳಿದ್ದು ಉತ್ತರ, ಪಶ್ಚಾತ್ತಾಪ ಅಲ್ಲ.”

ಉತ್ತರ ಹದಿನೈದನೇ ದಿನ ಮುದ್ರೆಯೊತ್ತಿಸಿಕೊಂಡು ಕಚೇರಿ ಸೇರಿತು. ನಾಲ್ಕು ತಿಂಗಳಿಗೆ ಆದೇಶ ಬಂತು: ಕಾಲಮಿತಿ ಮೀರಿದ್ದರಿಂದ ಪ್ರಕರಣ ಕೈಬಿಡಲಾಗಿದೆ. ನಿರ್ದೋಷಿ ಎಂದು ಯಾರೂ ಬರೆದಿರಲಿಲ್ಲ. ಪಕ್ಕದ ಮನೆಯವರು ಗೆದ್ದಿರಿ ಎಂದು ಕೈಕುಲುಕಿದಾಗ ಅವರು ಕೈಯನ್ನು ಬೇಗ ಹಿಂದೆಳೆದುಕೊಂಡರು.

ಅಂದು ಅಗಸರವಳು ಒಗೆದ ಬಟ್ಟೆಯ ಗಂಟು ತಂದಳು. ಎಂದಿನಂತೆ ಹೊರಗಿನ ಚೀಟಿ ನೋಡಿ ಒಳಗಿಡುವ ಬದಲು ಅವರು ನೆಲದ ಮೇಲೆ ಕೂತು ಗಂಟು ಬಿಚ್ಚಿ ಒಂದೊಂದೇ ಎಣಿಸಿದರು.

“ಬಿಡ್ರೀ, ಅವಳೇನು ಕದೀತಾಳಾ?” ಎಂದಳು ಹೆಂಡತಿ.

“ಅವಳ ಮೇಲಲ್ಲ ಕಣೇ ಅನುಮಾನ,” ಎಂದು ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು.